ಕಾರ್ಡಿನ ವಾರ್ಷಿಕ ಶುಲ್ಕ ಮನ್ನಾ ಮಾಡಿಸಿಕೊಂಡಿದ್ದು

ಕ್ರೆಡಿಟ್ ಕಾರ್ಡಿನ ಜೂನ್ ತಿಂಗಳ ಬಿಲ್ಲಿನ ಕೊನೆಯಲ್ಲಿ ಎರಡು ಸಾಲು ಹೊಸದಾಗಿ ಬಂದು ಕೂತಿದ್ದವು. ವಾರ್ಷಿಕ ಶುಲ್ಕ 2,500 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 450. ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ ತಾನಾಗಿಯೇ ಮನ್ನಾ ಆಗುವ ಶುಲ್ಕ ಅದು. ನನ್ನ ಖರ್ಚು ಅಷ್ಟು ಮುಟ್ಟಿರಲಿಲ್ಲ.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ಫೋನ್ ಮಾಡಿ, 'ನಾನು ಒಂದು ಸಲವೂ ಲೇಟಾಗಿ ಕಟ್ಟಿಲ್ಲ' ಅಂತ ಎರಡು ಮೂರು ಸಲ ಹೇಳಿದ್ದೆ. ಆ ಕಡೆಯವರು ಕರಗಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಿಂದ ಬ್ಯಾಂಕಿಗೆ ಬಡ್ಡಿ ಹುಟ್ಟುವುದಿಲ್ಲ. ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವರಿಂದ ಸಿಗುವ ಕಮಿಷನ್ನಿನ ಪಾಲೇ ಅವರ ಗಳಿಕೆ. ಅಂದರೆ ಶುದ್ಧ ದಾಖಲೆಯ ಜೊತೆಗೆ ಖರ್ಚಿನ ಲೆಕ್ಕವನ್ನೂ ಮುಂದಿಡಬೇಕು.

ಹಾಗಾಗಿ ಈ ಸಲ ಹನ್ನೆರಡೂ ಬಿಲ್ಲು ಇಳಿಸಿಕೊಂಡು ಕೂಡಿಸಿದೆ. ಶುಲ್ಕದ ವರ್ಷ ಎಣಿಕೆಯಾಗುವುದು ಜನವರಿಯಿಂದಲ್ಲ, ಕಾರ್ಡ್ ಕೊಟ್ಟ ತಿಂಗಳಿಂದ. ಒಟ್ಟು 2,18,000 ಚಿಲ್ಲರೆ ಆಯಿತು. ಲೇಟ್ ಫೀ ಸೊನ್ನೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿದೆ.

ಮೊದಲು ಸಿಕ್ಕ ಹುಡುಗ, "ಸಿಸ್ಟಮ್‌ನಲ್ಲಿ ಆಪ್ಷನ್ ಬರ್ತಾ ಇಲ್ಲ ಮೇಡಂ" ಅಂದ. ಅವನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಆ ಅಧಿಕಾರ ಅವನಿಗಿರುವುದಿಲ್ಲ. "ಹಾಗಾದ್ರೆ ಕಾರ್ಡ್ ಕ್ಲೋಸ್ ಮಾಡೋಕೆ ಏನು ಮಾಡ್ಬೇಕು, ಹೇಳಿ" ಎಂದೆ. ಲೈನು ಬೇರೆ ಕಡೆ ಹೋಯಿತು. ಗಿರಾಕಿ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವ ವಿಭಾಗ ಅದು. ಅಲ್ಲಿದ್ದ ಹೆಂಗಸು ನಾನು ಲೆಕ್ಕ ಹೇಳುವಾಗ ತಡೆಯದೆ ಕೇಳಿಸಿಕೊಂಡು, 2,500 ರಿವಾರ್ಡ್ ಪಾಯಿಂಟ್ ಕೊಡುತ್ತೇನೆ ಅಂದರು. ನನ್ನ ಕಾರ್ಡಿನಲ್ಲಿ ಒಂದು ಪಾಯಿಂಟಿಗೆ 25 ಪೈಸೆ. ಅಲ್ಲಿಗೆ 625 ರೂಪಾಯಿ. ಬೇಡವೆಂದೆ. ಸ್ವಲ್ಪ ಹೊತ್ತು ಹೋಲ್ಡ್‌ನಲ್ಲಿಟ್ಟು ಬಂದು, 60 ದಿನದಲ್ಲಿ 25,000 ಖರ್ಚು ಮಾಡಿದರೆ ಶುಲ್ಕ ರಿವರ್ಸ್ ಮಾಡುತ್ತೇವೆ ಅಂದರು. ಸ್ಕೂಟರಿನ ಟೈರು, ಮಗಳ ಟ್ಯಾಬ್ ಹೇಗೂ ಕೊಳ್ಳಬೇಕಿತ್ತು, ಒಪ್ಪಿದೆ. ಯಾವ ಖರ್ಚು ಲೆಕ್ಕಕ್ಕೆ ಬರುವುದಿಲ್ಲ ಅಂತ ಕೇಳಿದ್ದು ಒಳ್ಳೆಯದಾಯಿತು. ಪೆಟ್ರೋಲು, ಬಾಡಿಗೆ, ವ್ಯಾಲೆಟ್ಟಿಗೆ ಹಾಕಿದ ದುಡ್ಡು ಬರುವುದಿಲ್ಲವಂತೆ. ರಿಕ್ವೆಸ್ಟ್ ನಂಬರ್ ಬರೆದುಕೊಂಡು, ಮಾತಾದದ್ದನ್ನೆಲ್ಲ ಅದೇ ದಿನ ಅವರಿಗೆ ಇಮೇಲ್ ಹಾಕಿದೆ.

ಕ್ಲೋಸ್ ಮಾಡುವ ಮಾತನ್ನು ಸುಮ್ಮನೆ ಬೆದರಿಸಲು ಆಡಬಾರದು. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಿಕೊಡಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ಅವರು ನಿಜವಾಗಿಯೂ ಮುಚ್ಚಿಬಿಟ್ಟಾರು. ನನ್ನ ಬಳಿ ಇನ್ನೊಂದು ಹಳೆಯ ಕಾರ್ಡ್ ಇತ್ತು, ಪಾಯಿಂಟುಗಳನ್ನೂ ಮೊದಲೇ ಖಾಲಿ ಮಾಡಿಕೊಂಡಿದ್ದೆ. ಆ ಧೈರ್ಯದಲ್ಲಿ ಮಾತಾಡಿದ್ದು.

ಹಿಂದಿನ ವರ್ಷ ಮಾಡಿದ ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಶುಲ್ಕದ ಬಗ್ಗೆ ದೂರು ಕೊಟ್ಟಿದ್ದೇನಲ್ಲ ಅಂತ ಬಿಲ್ಲಿನ 21,650ರಲ್ಲಿ 2,950 ಹಿಡಿದು ಮಿಕ್ಕಿದ್ದು ಕಟ್ಟಿದ್ದೆ. ಬಿಲ್ ಪೂರ್ತಿ ತೀರಲಿಲ್ಲವೆಂದು ಬಡ್ಡಿಯಿಲ್ಲದ ಅವಧಿಯೇ ಹೋಯಿತು. ಖರೀದಿಸಿದ ದಿನದಿಂದ ಎಣಿಸಿ ಮುಂದಿನ ಬಿಲ್ಲಿನಲ್ಲಿ 700 ಚಿಲ್ಲರೆ ಬಡ್ಡಿ ಹಾಕಿದರು. ಶುದ್ಧ ದಾಖಲೆಗೂ ಅಲ್ಲೇ ಕಲೆ. ಈ ಸಲ ಶುಲ್ಕ ಸೇರಿಸಿಯೇ ಪೂರ್ತಿ ಕಟ್ಟಿದೆ. ವಾಪಸ್ ಬಂದಾಗ ಕಾರ್ಡಿಗೆ ಜಮೆ ಆಗುತ್ತದೆ, ಎಲ್ಲೂ ಹೋಗುವುದಿಲ್ಲ.

ಬಡ್ಡಿಯದು ಬೇರೆಯೇ ಕಥೆ. ಡಿಸೆಂಬರಿನಲ್ಲಿ ಅಮ್ಮನ ಆಸ್ಪತ್ರೆ ಖರ್ಚು 80,000 ಕಾರ್ಡಿನ ಮೇಲೆ ಬಿತ್ತು. ತಿಂಗಳಿಗೆ ಶೇ 3.5ರ ಬಡ್ಡಿ, ಅಂದರೆ ವರ್ಷಕ್ಕೆ ಶೇ 42. ಅದನ್ನು ಇಳಿಸಿ ಅಂದರೆ ಫೋನಿನಲ್ಲಿದ್ದವರ ಕೈಲಿ ಆಗುವುದಿಲ್ಲ. ಕೇಳಬೇಕಾದದ್ದು ಇಎಂಐ ದರ, ಅದೂ ಕಟ್ಟುವ ಕೊನೆಯ ದಿನಕ್ಕೆ ಮೊದಲು. ಅವರು ಹೇಳಿದ್ದು ಶೇ 16. ಹಿಂದಿನ ವರ್ಷದ ಆ ಒಂದು ಕಲೆಯನ್ನು ನಾನೇ ಬಾಯಿಬಿಟ್ಟು ಹೇಳಿ, ಮಿಕ್ಕಂತೆ ಎಲ್ಲ ತಿಂಗಳೂ ಪೂರ್ತಿ ಕಟ್ಟಿರುವುದನ್ನು ನೋಡಿ ಅಂದೆ. ಇಲ್ಲಿ ದಾಖಲೆ ನೇರವಾಗಿ ಕೆಲಸಕ್ಕೆ ಬಂತು, ಯಾಕೆಂದರೆ ಈಗ ನಾನು ಸಾಲಗಾರಳು. ಎರಡನೇ ಕರೆಗೆ ಶೇ 13.5ಕ್ಕೆ ಇಳಿಯಿತು. 12 ತಿಂಗಳಿಗೆ ಕಂತು 7,258 ಇದ್ದದ್ದು 7,164. ವರ್ಷಕ್ಕೆ ಉಳಿದದ್ದು 1,100 ಚಿಲ್ಲರೆ. ಆದರೆ ಶೇ 42ರಲ್ಲಿ ಅದೇ ಒಂದು ವರ್ಷದಲ್ಲಿ ತೀರಿಸಹೋಗಿದ್ದರೆ ಬಡ್ಡಿಯೇ 19,000 ದಾಟುತ್ತಿತ್ತು. ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ ಇರುತ್ತದೆ, ಅವನ್ನೂ ಕೇಳಿಕೊಂಡೇ ಒಪ್ಪಬೇಕು.

ಶುಲ್ಕದ 2,500 ಸೆಪ್ಟೆಂಬರ್ ಬಿಲ್ಲಿನಲ್ಲಿ ವಾಪಸ್ ಬಂತು. ಜಿಎಸ್‌ಟಿಯ 450 ಬಂದಿರಲಿಲ್ಲ. ಅದಕ್ಕೆ ಹಳೆಯ ಇಮೇಲನ್ನೇ ಮತ್ತೆ ಕಳಿಸಬೇಕಾಯಿತು.