ಬಾಡಿಗೆ ಮನೆಯಲ್ಲಿ ಎಸಿ: ಗೋಡೆ ಕೊರೆಯುವ ಮೊದಲು ಬರೆದುಕೊಂಡ ಕರಾರು

ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಫ್ಲ್ಯಾಟಿನ ಮಲಗುವ ಕೋಣೆಗೆ ಸಂಜೆಯ ಬಿಸಿಲು ನೇರವಾಗಿ ಬಡಿಯುತ್ತಿತ್ತು. ಎಸಿ ಹಾಕಿಸಲು ಮಾಲೀಕರಾದ ಮೇಡಂ ಫೋನಿನಲ್ಲೇ ಒಪ್ಪಿದರು. ಆದರೂ ನಾನು ಒಂದು ಪುಟದ ಪತ್ರವನ್ನು ಇಮೇಲ್ ಮಾಡಿ, ಉತ್ತರ ಬರುವವರೆಗೆ ಕಾದೆ. ಮನೆ ಬಿಡುವಾಗ ಬಾಯಿಮಾತು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ, ಅಡ್ವಾನ್ಸ್ ಹಣ ಮಾತ್ರ ಅವರ ಕೈಯಲ್ಲಿರುತ್ತದೆ.

ಪತ್ರದಲ್ಲಿ ಬರೆದದ್ದು ಇಷ್ಟು: ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಹೊರಗಿನ ಯೂನಿಟ್ ಯುಟಿಲಿಟಿ ಬಾಲ್ಕನಿಯ ಒಳಗೆ, ನೀರಿನ ಪೈಪು ಅಲ್ಲಿನ ಮೋರಿಗೆ, ಗೋಡೆಯಲ್ಲಿ ಸುಮಾರು ಎರಡೂವರೆ ಇಂಚಿನ ಒಂದೇ ರಂಧ್ರ. ಖರ್ಚು ನನ್ನದು, ಹೋಗುವಾಗ ಎಸಿಯೂ ನನ್ನದು. ರಂಧ್ರ ಬರುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ ಫೋಟೋ ಲಗತ್ತಿಸಿದೆ.

"ಮಳೆ ನೀರು ಒಳಗೆ ಬಂದರೆ?" ಎಂದು ಮೇಡಂ ಕೇಳಿದರು. ರಂಧ್ರವನ್ನು ಹೊರಗಡೆಗೆ ತುಸು ಇಳಿಜಾರಾಗಿ ಕೊರೆಸಿ, ಪೈಪಿನ ಸುತ್ತ ಸಂದು ಮುಚ್ಚಿಸುತ್ತೇನೆ, ಕಂಬಕ್ಕೂ ತೊಲೆಗೂ ಕೈ ಹಚ್ಚುವುದಿಲ್ಲ ಎಂದು ಬರೆದುಕೊಟ್ಟೆ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿದೆ. ಮೀಟರ್ ಅವರ ಹೆಸರಿನಲ್ಲಿದ್ದುದರಿಂದ ಲೋಡ್ ಹೆಚ್ಚಿಸಬೇಕಾದರೆ ಅರ್ಜಿಗೆ ಅವರೇ ಸಹಿ ಹಾಕಬೇಕಿತ್ತು. ನಮ್ಮದು 5 ಕಿಲೋವ್ಯಾಟ್ ಇತ್ತು. ಗೀಸರ್ ಜೊತೆಗೆ ಎಸಿ ಓಡಿದರೂ ಅದರೊಳಗೇ ಇರುತ್ತಿತ್ತು. ಎಸಿಗೆ ಬೋರ್ಡಿನಿಂದ ಪ್ರತ್ಯೇಕ ವೈರನ್ನೂ ಎಂಸಿಬಿಯನ್ನೂ ಹಾಕಿಸಿದೆ.

ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಪೇಂಟಿಂಗ್‌ನ ಸಾಲು. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಇಲ್ಲಿ ರೂಢಿ. ನಮ್ಮ ಕರಾರಿನಲ್ಲೂ ಅದಿತ್ತು. ಆ ಹಣ ಕೊಟ್ಟ ಮೇಲೂ ಎಸಿ ಇದ್ದ ಗೋಡೆಗೆ ನಾನೇ ಬಣ್ಣ ಬಳಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ತೆತ್ತಂತೆ. ಆದ್ದರಿಂದ "ರಂಧ್ರ ಮುಚ್ಚಿ ಪುಟ್ಟಿ ಹಾಕಿಸುವವರೆಗೆ ನನ್ನ ಹೊಣೆ, ಬಣ್ಣ ಆ ಹಣದಲ್ಲಿ" ಎಂದು ಬರೆದೆ. ಅವರು ಒಪ್ಪಿ ಉತ್ತರಿಸಿದರು.

ಮನೆ ಬಿಡುವ ಕೊನೆಯ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬಾರದು. ನಾನು ಎರಡು ವಾರ ಮೊದಲೇ ಎಸಿ ಬಿಚ್ಚಿಸಿದೆ. ಬಿಚ್ಚುವ ಮೊದಲು ಮೆಕ್ಯಾನಿಕ್ ಎಸಿಯನ್ನು ಓಡಿಸಿಟ್ಟು, ವಾಲ್ವುಗಳನ್ನು ಒಂದಾದ ಮೇಲೊಂದು ಮುಚ್ಚಿ, ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳಬೇಕು. ಇಲ್ಲವಾದರೆ ಹೊಸ ಮನೆಯಲ್ಲಿ ಮತ್ತೆ ಗ್ಯಾಸ್ ತುಂಬಿಸುವ ಖರ್ಚು. ಬಳಿಕ ಗಾರೆಯವರು ರಂಧ್ರದ ಅಂಚನ್ನು ನೆನೆಸಿ, ಇಟ್ಟಿಗೆ ಚೂರು ಸೇರಿಸಿ ಎರಡೂ ಕಡೆಯಿಂದ ಸಿಮೆಂಟ್ ತುಂಬಿದರು. ಅದಕ್ಕೆ ಕೆಲವು ದಿನ ನೀರು ಹಾಕಿ, ಪೂರ್ತಿ ಒಣಗಿದ ಮೇಲೆಯೇ ಪುಟ್ಟಿ. ಹಸಿಯಿರುವಾಗಲೇ ಪುಟ್ಟಿ ಮೆತ್ತಿದರೆ ಬಳೆಯಂತೆ ದುಂಡಗಿನ ಬಿರುಕು ಕಾಣಿಸಿಕೊಳ್ಳುತ್ತದೆ.

ವೈರನ್ನು ಕೀಳಿಸುವುದೆಂದು ಮೊದಲು ಬರೆದುಕೊಂಡಿದ್ದೆವು. ಮುಂದಿನ ಬಾಡಿಗೆದಾರರಿಗೆ ಅನುಕೂಲವೆಂದು ಅದನ್ನು ಉಳಿಸುವಂತೆ ಮೇಡಂ ಕೇಳಿದರು. ಅದನ್ನೂ ಅದೇ ಇಮೇಲಿಗೆ ಉತ್ತರವಾಗಿ ಬರೆಸಿಕೊಂಡು, ಮುಚ್ಚಿದ ಗೋಡೆಯ ಫೋಟೋ ಕಳಿಸಿ, ಬೀಗದ ಕೈ ಒಪ್ಪಿಸಿದೆ. ಪೇಂಟಿಂಗ್ ಹಣವೊಂದನ್ನು ಬಿಟ್ಟು ಉಳಿದ ಅಡ್ವಾನ್ಸ್ ಪೂರ್ತಿ ಬಂತು.