ಒಂದು ಕ್ಯಾಪ್ಲೆಟ್‌ಗೆ ನಾನು ಬೆಲೆ ಕಟ್ಟುವ ರೀತಿ

ಬಡ್ಡಿ ದರದ ಡೆರಿವೇಟಿವ್‌ಗಳಿಗೆ ಬ್ಯಾಂಕ್ ಹೇಳಿದ ಬೆಲೆ ಸರಿ ಇದೆಯಾ ಅಂತ ಬೇರೆಯಾಗಿ ಲೆಕ್ಕ ಹಾಕಿ ನೋಡುವುದು ನನ್ನ ಕೆಲಸ. ಕ್ಯಾಪ್ ಅಂದರೆ ಬಡ್ಡಿ ದರ ಒಂದು ಮಿತಿ ದಾಟಿದರೆ ಮೇಲಿನ ಪಾಲನ್ನು ತುಂಬಿಕೊಡುವ ಒಪ್ಪಂದ, ಅದರಲ್ಲಿ ಒಂದೊಂದು ಬಡ್ಡಿ ಅವಧಿಯ ತುಂಡು ಒಂದೊಂದು ಕ್ಯಾಪ್ಲೆಟ್. ಕ್ಯಾಪ್ ಬಂದಾಗ ನಾನು ಇಡೀ ಕ್ಯಾಪ್‌ಗೆ ಮೊದಲು ಕೈ ಹಾಕುವುದಿಲ್ಲ. ಅದರಲ್ಲಿ ಒಂದು ಕ್ಯಾಪ್ಲೆಟ್ ಆರಿಸಿ, ಅದನ್ನು ಕೈಯಲ್ಲೇ ಲೆಕ್ಕ ಮಾಡುತ್ತೇನೆ. ಅದು ಸರಿ ಬಂದರೆ ಉಳಿದವು ಅದೇ ಲೆಕ್ಕದ ಪುನರಾವರ್ತನೆ ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಕಂಪನಿಯೊಂದು 1 ಕೋಟಿ ಯೂರೋ ಸಾಲ ಮಾಡಿದೆ. ಬಡ್ಡಿ 3 ತಿಂಗಳ ಯೂರಿಬೋರ್ ಮೇಲೆ, ಅಂದರೆ ಯೂರೋ ಸಾಲಗಳಿಗೆ ಬಳಸುವ ಬ್ಯಾಂಕುಗಳ ನಡುವಿನ ದರದ ಮೇಲೆ ನಿಂತಿದೆ, ಅಂದರೆ ಮೂರು ತಿಂಗಳಿಗೊಮ್ಮೆ ದರ ಬದಲಾಗುತ್ತದೆ. ದರ 3% ದಾಟಿದರೆ ಕಷ್ಟ ಅಂತ ಅವರು 3% ಸ್ಟ್ರೈಕ್, ಅಂದರೆ ಮಿತಿ, ಇರುವ 2 ವರ್ಷದ ಕ್ಯಾಪ್ ಕೊಳ್ಳುತ್ತಾರೆ. 2 ವರ್ಷಕ್ಕೆ 8 ಅವಧಿ. ಮೊದಲ ಅವಧಿಯ ದರ ಇವತ್ತೇ ಗೊತ್ತಿರುವುದರಿಂದ ಅದರಲ್ಲಿ ಆಪ್ಷನ್ ಅನ್ನುವಂಥದ್ದು ಏನೂ ಇಲ್ಲ, ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ಉಳಿದದ್ದು 7 ಕ್ಯಾಪ್ಲೆಟ್. ಪ್ರತಿಯೊಂದೂ ಅದರದೇ ಮೂರು ತಿಂಗಳ ದರದ ಮೇಲಿನ ಒಂದು ಕಾಲ್ ಆಪ್ಷನ್. ಒಂದರಲ್ಲಿ ದುಡ್ಡು ಬಂತು ಅಂತ ಇನ್ನೊಂದು ಸಾಯುವುದಿಲ್ಲ, ಒಂದು ಖಾಲಿ ಹೋಯಿತು ಅಂತ ಮುಂದಿನದು ಖಾಲಿ ಹೋಗಬೇಕಿಲ್ಲ. ಅದಕ್ಕೇ ಏಳರ ಬೆಲೆಯನ್ನು ಸುಮ್ನೆ ಕೂಡಿದರೆ ಕ್ಯಾಪ್‌ನ ಬೆಲೆ ಸಿಗುತ್ತದೆ.

ನಾಲ್ಕನೆಯದನ್ನು ತೆಗೆದುಕೊಳ್ಳೋಣ. ಅದರ ದರ ಇವತ್ತಿನಿಂದ 1 ವರ್ಷ ಕಳೆದ ಮೇಲೆ ಫಿಕ್ಸ್ ಆಗುತ್ತದೆ, ಅವಧಿ 91 ದಿನ. ಯೂರಿಬೋರ್‌ನಲ್ಲಿ ವರ್ಷಕ್ಕೆ 360 ದಿನ ಅಂತ ಲೆಕ್ಕ, ಹಾಗಾಗಿ ಅವಧಿಯ ಪಾಲು 91/360, ಅಂದರೆ ಸುಮಾರು 0.2528. ಅವತ್ತು ದರ 3.6% ಬಂತು ಅಂತಿಟ್ಟುಕೊಳ್ಳಿ. ಸ್ಟ್ರೈಕ್‌ಗಿಂತ 0.6% ಜಾಸ್ತಿ. 1 ಕೋಟಿ ಯೂರೋಗೆ 0.6%, ಅದಕ್ಕೆ 0.2528 ಗುಣಿಸಿದರೆ ಸುಮಾರು 15,167 ಯೂರೋ. ಈ ದುಡ್ಡು ಎಷ್ಟು ಅಂತ ಅವಧಿಯ ಶುರುವಿನಲ್ಲೇ ತೀರ್ಮಾನವಾಗುತ್ತದೆ, ಆದರೆ ಕೈಗೆ ಬರುವುದು ಅವಧಿ ಮುಗಿದ ಮೇಲೆ. ಈ ಎರಡು ದಿನಾಂಕಗಳನ್ನು ಬೇರೆ ಬೇರೆ ಕಾಲಮ್‌ನಲ್ಲಿ ಬರೆದಿಟ್ಟುಕೊಂಡೇ ನಾನು ಮುಂದೆ ಹೋಗುವುದು. ಮುಂದಿನ ಬಹಳಷ್ಟು ಎಡವಟ್ಟು ಇಲ್ಲೇ ಹುಟ್ಟುತ್ತದೆ.

ಈಗ ಬೇಕಾದದ್ದು ಮೂರು ಅಂಕಿ. ಆ ಅವಧಿಗೆ ಮಾರುಕಟ್ಟೆ ಇವತ್ತೇ ಕೊಡುವ ದರ, ಅಂದರೆ ಫಾರ್ವರ್ಡ್ ದರ, 2.8%, ಇದನ್ನು 3 ತಿಂಗಳ ಯೂರಿಬೋರ್‌ನ ಕರ್ವ್‌ನಿಂದ ಓದುತ್ತೇನೆ. ಮುಂದೆ ಬರುವ 1 ಯೂರೋದ ಇವತ್ತಿನ ಬೆಲೆ, ಅಂದರೆ ಡಿಸ್ಕೌಂಟ್ ಫ್ಯಾಕ್ಟರ್, 0.966, ಇದು ಓವರ್‌ನೈಟ್ ದರದ ಕರ್ವ್‌ನಿಂದ, ಅದೂ ದುಡ್ಡು ಕೈಗೆ ಬರುವ ದಿನಕ್ಕೆ. 2008ರ ಮುಂಚೆ ಎರಡಕ್ಕೂ ಒಂದೇ ಕರ್ವ್ ಸಾಕಾಗುತ್ತಿತ್ತು, ಆ ವರ್ಷದ ಬಿಕ್ಕಟ್ಟಿನ ನಂತರ ಎರಡೂ ಬೇರೆಯಾದವು. ಮೂರನೆಯದು ವೊಲಾಟಿಲಿಟಿ, ಅಂದರೆ ದರ ಎಷ್ಟು ಅಲುಗಾಡಬಹುದು ಅನ್ನುವ ಅಳತೆ, ವರ್ಷಕ್ಕೆ 30%.

ಸೂತ್ರ ಫಿಷರ್ ಬ್ಲ್ಯಾಕ್ 1976ರಲ್ಲಿ ಫ್ಯೂಚರ್ಸ್ ಮೇಲಿನ ಆಪ್ಷನ್‌ಗಳಿಗೆ ಅಂತ ಬರೆದದ್ದು. ದರ ಮುಂದೆ ಏರುತ್ತದಾ, ಇಳಿಯುತ್ತದಾ ಅಂತ ನಾವು ಊಹಿಸಬೇಕಾಗಿಲ್ಲ, ಫಾರ್ವರ್ಡ್ ದರವನ್ನೇ ಸರಾಸರಿ ಅಂತ ಇಟ್ಟುಕೊಳ್ಳಬಹುದು. ಆದರೆ ಅದಕ್ಕೊಂದು ಷರತ್ತಿದೆ: ಲೆಕ್ಕವೆಲ್ಲ ದುಡ್ಡು ಬರುವ ದಿನಕ್ಕೆ ಮುಗಿಯುವ ಬಾಂಡ್‌ನ ಅಳತೆಯಲ್ಲಿ ನಡೆಯಬೇಕು. ಡಿಸ್ಕೌಂಟ್ ಫ್ಯಾಕ್ಟರ್ ಆ ದಿನದ್ದೇ ಆಗಿರಬೇಕು ಅನ್ನುವುದು ಇದಕ್ಕೇ.

```python
from math import log, sqrt
from statistics import NormalDist
N = NormalDist().cdf

def caplet(F, K, vol, T, tau, df, notional):
    s = vol * sqrt(T)
    d1 = log(F / K) / s + s / 2
    d2 = d1 - s
    return notional * tau * df * (F * N(d1) - K * N(d2))

print(caplet(0.028, 0.03, 0.30, 1.0, 91/360, 0.966, 10_000_000))
```

ಕೈಲೆಕ್ಕದಲ್ಲಿ d1 ಸುಮಾರು -0.080, d2 ಸುಮಾರು -0.380. N(d1) 0.468, N(d2) 0.352. ಕೊನೆಯ ಬ್ರಾಕೆಟ್ ಒಳಗಿನದು 0.2548%, ಅಂದರೆ 25 ಬೇಸಿಸ್ ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ. ಅವಧಿಯ ಪಾಲು, ಡಿಸ್ಕೌಂಟ್, ಅಸಲು ಎಲ್ಲ ಗುಣಿಸಿದರೆ 6,222 ಯೂರೋ. ಫಾರ್ವರ್ಡ್ ದರ ಸ್ಟ್ರೈಕ್‌ಗಿಂತ ಕೆಳಗಿದೆ, ಆದರೂ ಬೆಲೆ ಇದೆ ಅಲ್ವಾ? ಇದಿಷ್ಟೂ ವೊಲಾಟಿಲಿಟಿಯ ಬೆಲೆ. ಅದು 30ರಿಂದ 31 ಆದರೆ ಈ ಕ್ಯಾಪ್ಲೆಟ್ ಸುಮಾರು 272 ಯೂರೋ ಏರುತ್ತದೆ.

ಲೆಕ್ಕ ಮುಗಿದ ಕೂಡಲೇ ನಾನು ಮಾಡುವ ಪರೀಕ್ಷೆ ಒಂದಿದೆ. ಅದೇ ಸ್ಟ್ರೈಕ್‌ನ ಫ್ಲೋರ್ಲೆಟ್‌ಗೂ, ಅಂದರೆ ದರ ಸ್ಟ್ರೈಕ್‌ಗಿಂತ ಕೆಳಗಿಳಿದರೆ ದುಡ್ಡು ಕೊಡುವ ಆಪ್ಷನ್‌ಗೂ ಬೆಲೆ ಕಟ್ಟಿ, ಕ್ಯಾಪ್ಲೆಟ್‌ನಿಂದ ಕಳೆಯುತ್ತೇನೆ. ಬರಬೇಕಾದ್ದು ಫಾರ್ವರ್ಡ್‌ಗೂ ಸ್ಟ್ರೈಕ್‌ಗೂ ಇರುವ ವ್ಯತ್ಯಾಸದ ಇವತ್ತಿನ ಮೌಲ್ಯ, ಇಲ್ಲಿ -4,884 ಯೂರೋ. ಇದರಲ್ಲಿ ವೊಲಾಟಿಲಿಟಿ ಎಲ್ಲೂ ಇಲ್ಲ. ಬ್ಯಾಂಕ್‌ನ ಎರಡು ಬೆಲೆಗಳ ವ್ಯತ್ಯಾಸ ಇದಕ್ಕೆ ಹೊಂದದಿದ್ದರೆ ಜಗಳ ಕರ್ವ್‌ನಲ್ಲೋ ದಿನದ ಲೆಕ್ಕದಲ್ಲೋ ಇದೆ. ಹೊಂದಿಯೂ ಬೆಲೆ ಬೇರೆ ಇದ್ದರೆ ವೊಲಾಟಿಲಿಟಿ ಅಥವಾ T ಕಡೆ ನೋಡಬೇಕು.

T ಅಂದೆನಲ್ಲ, ಅದು ಫಿಕ್ಸಿಂಗ್ ದಿನದವರೆಗಿನ ಕಾಲ. ದರ ಫಿಕ್ಸ್ ಆದ ಮೇಲೆ ಅಲುಗಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಯಾರಾದರೂ ದುಡ್ಡು ಬರುವ ದಿನದವರೆಗೆ 1.25 ವರ್ಷ ಅಂತ ಹಾಕಿದರೆ ಬೆಲೆ 6,222 ಬದಲು ಸುಮಾರು 7,186 ಬರುತ್ತದೆ, ಶೇಕಡಾ 15ರಷ್ಟು ಜಾಸ್ತಿ. ಫ್ಲೋರ್ಲೆಟ್ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಮೊದಲ ಕ್ಯಾಪ್ಲೆಟ್‌ಗಳಲ್ಲಿ ವ್ಯತ್ಯಾಸ ಶೇಕಡಾವಾರು ದೊಡ್ಡದಾಗಿದ್ದು, ಮುಂದೆ ಹೋದಂತೆ ಸಣ್ಣದಾಗುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೆಯೇ.

ವೊಲಾಟಿಲಿಟಿಯ ಅಂಕಿ ಬಂದಾಗ ಅದು ಯಾವ ಜಾತಿಯದ್ದು ಅಂತ ಕೇಳಲೇಬೇಕು. 3 ತಿಂಗಳ ಯೂರಿಬೋರ್ 2015ರಿಂದ 2022ರ ಮಧ್ಯದವರೆಗೆ ಸೊನ್ನೆಗಿಂತ ಕೆಳಗಿತ್ತು. ಮೈನಸ್ ದರಕ್ಕೆ log ಇಲ್ಲ, ಮೇಲಿನ ಕೋಡ್ ಅಲ್ಲೇ ನಿಂತುಹೋಗುತ್ತದೆ. ಹಾಗಾಗಿ ದರದ ಶೇಕಡಾವಾರು ಏರಿಳಿತದ ಬದಲು ಬೇಸಿಸ್ ಪಾಯಿಂಟ್‌ಗಳ ಏರಿಳಿತವನ್ನೇ ಕೋಟ್ ಮಾಡುವ ಪದ್ಧತಿ ಗಟ್ಟಿಯಾಯಿತು, ಅದನ್ನು ನಾರ್ಮಲ್ ವೊಲಾಟಿಲಿಟಿ ಅನ್ನುತ್ತಾರೆ. ನಮ್ಮ 30% ಆ ಲೆಕ್ಕದಲ್ಲಿ ಸುಮಾರು 87 ಬೇಸಿಸ್ ಪಾಯಿಂಟ್, ಅಂದರೆ 0.0087. ಇದನ್ನು ಬ್ಲ್ಯಾಕ್ ಸೂತ್ರಕ್ಕೆ ಹಾಕಿದರೆ ಬೆಲೆ ಸೊನ್ನೆ ಬರುತ್ತದೆ. ತಿರುಗಿಸಿ 0.30 ಅನ್ನು ನಾರ್ಮಲ್ ಸೂತ್ರಕ್ಕೆ ಹಾಕಿದರೆ ಒಂದೇ ಕ್ಯಾಪ್ಲೆಟ್ ಸುಮಾರು 2.9 ಲಕ್ಷ ಯೂರೋ! ಇಂಥದ್ದು ಕಣ್ಣಿಗೆ ತಕ್ಷಣ ಬೀಳುತ್ತದೆ. ಆದರೆ ಮಾರುಕಟ್ಟೆ ಇಡೀ ಕ್ಯಾಪ್‌ಗೆ ಕೊಡುವ ಒಂದೇ ವೊಲಾಟಿಲಿಟಿಯನ್ನು ನಮ್ಮ ನಾಲ್ಕನೇ ಕ್ಯಾಪ್ಲೆಟ್‌ಗೆ ಹಾಕಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಆ ಅಂಕಿ ಏಳಕ್ಕೂ ಒಂದೇ ಅಂತ ಹಾಕಿದಾಗ ಮೊತ್ತ ಸರಿ ಬರಲಿ ಅಂತ ಮಾಡಿದ್ದು. ಬಿಡಿ ಕ್ಯಾಪ್ಲೆಟ್‌ನ ವೊಲಾಟಿಲಿಟಿ ಬೇಕಿದ್ದರೆ ಉದ್ದದ ಕ್ಯಾಪ್‌ನ ಬೆಲೆಯಿಂದ ಅದೇ ಸ್ಟ್ರೈಕ್‌ನ ಗಿಡ್ಡ ಕ್ಯಾಪ್‌ನ ಬೆಲೆ ಕಳೆಯಬೇಕು, ಉಳಿದ ಬೆಲೆಗೆ ಹೊಂದುವ ವೊಲಾಟಿಲಿಟಿ ಹುಡುಕಬೇಕು.

ಡಾಲರ್ ಸಾಲದಲ್ಲಿ ಓವರ್‌ನೈಟ್ SOFR ಅನ್ನು ದಿನದಿನಕ್ಕೆ ಚಕ್ರಬಡ್ಡಿಯಂತೆ ಸೇರಿಸುವ ಕ್ಯಾಪ್ ಬಂದರೆ ಮಾತ್ರ ಈ T ಬದಲಾಗುತ್ತದೆ. ಅಲ್ಲಿ ದರ ಅವಧಿಯ ಶುರುವಿನಲ್ಲಿ ನಿಲ್ಲುವುದಿಲ್ಲ, ಅವಧಿಯೊಳಗೂ ಅಲುಗಾಡುತ್ತಾ, ದಿನ ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಅಲುಗಾಟ ಒಂದೇ ಸಮನೆ ಕರಗುತ್ತದೆ ಅಂತ ಹಿಡಿದರೆ ಅವಧಿಯ ಮೂರನೇ ಒಂದು ಭಾಗವನ್ನು T ಗೆ ಸೇರಿಸಬೇಕು. ನಮ್ಮಂಥ ಕ್ಯಾಪ್ಲೆಟ್‌ಗೆ 1 ಬದಲು ಸುಮಾರು 1.08 ವರ್ಷ. ಸೂತ್ರ ಅದೇ ಇರುತ್ತದೆ.