ಕಡ್ಡಿ ಫುಲ್, ಪಕ್ಕದಲ್ಲಿ E

ಪೆರ್ಲದಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ರೀಚಾರ್ಜು, ರಿಪೇರಿಯ ಜೊತೆಗೆ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ ಕೊಡುವ ಕೆಲಸವೂ ಉಂಟು. ಬರುವವರ ದೂರು ಹೆಚ್ಚಾಗಿ ಒಂದೇ: "ಅಣ್ಣಾ, ಕಡ್ಡಿ ಫುಲ್ ಉಂಟು, ನೆಟ್ ಮಾತ್ರ ಹೋಗುದಿಲ್ಲ." ನಾನು ಮೊದಲು ನೋಡುವುದು ಕಡ್ಡಿಯ ಪಕ್ಕದ ಅಕ್ಷರವನ್ನು.

ಟವರಿನ ಸಿಗ್ನಲ್ ಎಷ್ಟು ಬಲವಾಗಿ ಫೋನಿಗೆ ತಲಪುತ್ತಿದೆ ಎಂಬುದಷ್ಟೇ ಕಡ್ಡಿಯಿಂದ ತಿಳಿಯುತ್ತದೆ. ಫೋನು ಈಗ ಯಾವ ಬಗೆಯ ನೆಟ್‌ವರ್ಕ್ ಹಿಡಿದಿದೆ ಎಂಬುದು ತಿಳಿಯಬೇಕಾದರೆ ಅಕ್ಷರ ನೋಡಬೇಕು. G ಅಂದರೆ ಜಿಪಿಆರ್‌ಎಸ್, E ಅಂದರೆ ಎಡ್ಜ್, ಎರಡೂ 2ಜಿ. 3G, H, H+ ಮೂರನೇ ತಲೆಮಾರಿನವು. ಹಲವು ಕಂಪನಿಗಳು 3ಜಿ ನಿಲ್ಲಿಸಿರುವುದರಿಂದ ಇವು ಈಗ ಅಪರೂಪ. 4G ಅಥವಾ LTE ಎಂದು ಕಂಡರೆ ಎರಡೂ ಒಂದೇ, ಫೋನಿನ ಕಂಪನಿ ಯಾವ ಹೆಸರು ಹಾಕಿದೆಯೋ ಅದು.

ಸ್ವರ್ಗ ಎಂಬ ಊರಿನ ಕಡೆಯ ಒಬ್ಬ ಹುಡುಗಿಯ ಸಂಗತಿ ಹೇಳಿದರೆ ವೇಗದ ಲೆಕ್ಕ ಸ್ಪಷ್ಟವಾಗುತ್ತದೆ. ಮನೆ ಇರುವುದು ಗುಡ್ಡದ ಬುಡದ ಅಡಿಕೆ ತೋಟದಲ್ಲಿ. ಅಂಕಪಟ್ಟಿಯ ಫೋಟೋ ಅಪ್‌ಲೋಡ್ ಮಾಡಲು ಹೋದಾಗೆಲ್ಲ ಅರ್ಧಕ್ಕೆ ನಿಲ್ಲುತ್ತಿತ್ತು. ಫೋನಿನಲ್ಲಿ ನಾಲ್ಕು ಕಡ್ಡಿ, ಪಕ್ಕದಲ್ಲಿ E. ಫೋಟೋ 2 ಎಂಬಿ ಇತ್ತು. ಫೈಲನ್ನು ಬೈಟಿನಲ್ಲಿ ಅಳೆಯುತ್ತಾರೆ, ನೆಟ್‌ವರ್ಕಿನ ವೇಗವನ್ನು ಬಿಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಆ ಫೋಟೋ ಸುಮಾರು 16,000 ಕಿಲೋಬಿಟ್. ಎಡ್ಜ್‌ನ ವೇಗ ಕಾಗದದ ಮೇಲೆ ಸೆಕೆಂಡಿಗೆ 384 ಕಿಲೋಬಿಟ್ ಇದ್ದರೂ ಕೈಗೆ ಸಿಗುವುದು 100ರ ಆಸುಪಾಸು. ಅಂದರೆ 160 ಸೆಕೆಂಡು, ಎರಡೂವರೆ ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಆ ವೆಬ್‌ಸೈಟ್ ಕಾಯುತ್ತಿರಲಿಲ್ಲ. G ಇದ್ದಿದ್ದರೆ ಇದರ ಎರಡು ಮೂರು ಪಟ್ಟು ಸಮಯ ಬೇಕಿತ್ತು. ಅದೇ ಫೋಟೋ ಸೆಕೆಂಡಿಗೆ 2 ಮೆಗಾಬಿಟ್ ಸಿಗುವ H+ನಲ್ಲಿ ಎಂಟು ಸೆಕೆಂಡಿಗೆ ಹೋಗುತ್ತದೆ. ಸಾಧಾರಣ LTEಯಲ್ಲಿ 10 ಮೆಗಾಬಿಟ್ ಸಿಕ್ಕರೆ ಎರಡೇ ಸೆಕೆಂಡು.

ಅಲ್ಲಿ E ಮಾತ್ರ ಯಾಕೆ ಸಿಗುತ್ತದೆ? 2ಜಿ ಹೆಚ್ಚಾಗಿ 900 ಮೆಗಾಹರ್ಟ್ಸ್‌ನಲ್ಲಿ ಹೋಗುತ್ತದೆ. ಕಡಿಮೆ ಆವರ್ತನದ ಅಲೆ ಗುಡ್ಡ, ಮರಗಳ ನಡುವೆಯೂ ದೂರ ತಲಪುತ್ತದೆ. 1800, 2300ರಲ್ಲಿ ಬರುವ 4ಜಿ ಅಂಥ ತಗ್ಗಿಗೆ ಇಳಿಯುವಷ್ಟರಲ್ಲಿ ಸೋತಿರುತ್ತದೆ. ಆಗ ಫೋನು ತಾನಾಗಿಯೇ 2ಜಿಗೆ ಇಳಿಯುತ್ತದೆ. ಜಿಯೋ ಸಿಮ್‌ನಲ್ಲಿ E ಕಾಣುವುದೇ ಇಲ್ಲ, ಅದಕ್ಕೆ 2ಜಿಯೇ ಇಲ್ಲ. ಅಂಥ ಜಾಗದಲ್ಲಿ ಸಿಗ್ನಲ್ಲೇ ಹೋಗಿಬಿಡುತ್ತದೆ.

ಅವಳಿಗೆ ನಾನು ಹೇಳಿದ್ದು ಇಷ್ಟು: "ಮನೆಯ ಮೇಲಿನ ಗುಡ್ಡಕ್ಕೆ ಹತ್ತು. ಫ್ಲೈಟ್ ಮೋಡ್ ಹಾಕಿ ತೆಗೆ. 4G ಬಂದರೆ ಒಂದೇ ಕಡ್ಡಿ ಇದ್ದರೂ ಅಲ್ಲಿಂದಲೇ ಕಳಿಸು." ಫ್ಲೈಟ್ ಮೋಡ್ ಯಾಕೆಂದರೆ, ಮೇಲೆ ಬಂದ ಮೇಲೂ ಫೋನು ಕೆಲವೊಮ್ಮೆ ಹಳೆಯ Eಗೇ ಅಂಟಿಕೊಂಡಿರುತ್ತದೆ, ಹೀಗೆ ಮಾಡಿದರೆ ಹೊಸದಾಗಿ ಹುಡುಕುತ್ತದೆ. ಒಂದು ಕಡ್ಡಿಯ 4ಜಿಯಲ್ಲಿ ಅಂಕಪಟ್ಟಿ ಹೋಯಿತು. ಗುಡ್ಡ ಹತ್ತಲು ಆಗದ ಅಜ್ಜಂದಿರಿಗೆ ನಾನು ಬೇರೆ ದಾರಿ ಹೇಳುತ್ತೇನೆ: ಫೋಟೋವನ್ನು 200 ಕೆಬಿಗೆ ಇಳಿಸಿದರೆ ಎಡ್ಜ್‌ನಲ್ಲೂ ಹದಿನಾರು ಸೆಕೆಂಡು ಸಾಕು.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು LTE only ಎಂದು ಕಟ್ಟಿಹಾಕಿ ಎಂದು ಕೆಲವರು ಹೇಳುತ್ತಾರೆ. ವೋಲ್ಟೇ, ಅಂದರೆ 4ಜಿಯಲ್ಲೇ ಕರೆ ಹೋಗುವ ಸೌಲಭ್ಯ, ಇಲ್ಲದ ಫೋನಿನಲ್ಲಿ ಹಾಗೆ ಮಾಡಿದರೆ ಕರೆಯೇ ಬರುವುದಿಲ್ಲ. ಒಬ್ಬರೇ ಇರುವ ಮನೆಯಲ್ಲಿ ಅದು ಅಪಾಯ, ನಾನು ಮಾಡಿಕೊಡುವುದಿಲ್ಲ. ವೋಲ್ಟೇ ಚಾಲೂ ಇದೆಯೋ ಎಂದು ತಿಳಿಯಲು ಯಾರಿಗಾದರೂ ಕರೆ ಮಾಡಿ ಅಕ್ಷರ ನೋಡಿ. ಮಾತಾಡುವಾಗ 4G ಹೋಗಿ E ಬಂದರೆ ವೋಲ್ಟೇ ನಡೆಯುತ್ತಿಲ್ಲ, ಕರೆ 2ಜಿಗೆ ಇಳಿದಿದೆ. ಆ ಹೊತ್ತಿಗೆ ನೆಟ್ಟೂ ನಿಲ್ಲುತ್ತದೆ.

ಇನ್ನು 4G ಇದ್ದೂ ನಿಧಾನವಾದರೆ ಫೋನಿನ About phoneನಲ್ಲಿ SIM status ತೆರೆದು Signal strength ನೋಡುತ್ತೇನೆ. ಅಲ್ಲಿ -85 dBm ಎಂಬಂತೆ ಮೈನಸ್ ಸಂಖ್ಯೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -115ರ ಆಚೆ ಹೋಗಿದ್ದರೆ ಜಾಗ ಬದಲಿಸಬೇಕು. -85 ಇದ್ದೂ ಸಂಜೆ ಏಳು, ಎಂಟರ ಹೊತ್ತಿಗೆ ಮಾತ್ರ ತಡವರಿಸಿದರೆ ಅದು ಟವರಿನಲ್ಲಿ ಜನ ಹೆಚ್ಚಾದದ್ದು. ಅಂಥವರಿಗೆ ಬೆಳಿಗ್ಗೆ ಆರಕ್ಕೆ ಎದ್ದು ಅದೇ ಜಾಗದಲ್ಲಿ ಕಳಿಸಿ ನೋಡಿ ಎನ್ನುತ್ತೇನೆ.